ಕರೆಂಟ್ ಹೋದ ಕೂಡಲೇ ಯಾವ ಕೆಲಸ ಮೊದಲು?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದು ಐದು ಜನರ ಸಣ್ಣ ಸಂಸ್ಥೆ, ಕರಿಮೆಣಸು ಮತ್ತು ಕಾಫಿ ವ್ಯಾಪಾರ. ಮಳೆಗಾಲದಲ್ಲಿ ಪದೇ ಪದೇ ಕರೆಂಟ್ ಹೋಗುತ್ತೆ, ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಗುತ್ತೆ. ಬಿಸಿನೆಸ್ ಕಂಟಿನ್ಯೂಟಿ ಪ್ಲಾನ್ ಮಾಡಿಕೊಳ್ಳಿ ಅಂತ ಆಡಿಟರ್ ಹೇಳಿದ್ದಾರೆ. ದೊಡ್ಡ ಇನ್ವರ್ಟರ್, ಎರಡು ಸಿಮ್ ಇದ್ದರೆ ಸಾಕಾ?

ಸಾಲುವುದಿಲ್ಲ. ನಾನು ಸೋಮವಾರಪೇಟೆಯಲ್ಲಿ ನಿಮ್ಮಂಥ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಆಫೀಸ್ ನಡೆಸುತ್ತೇನೆ. ನಮ್ಮ ಕಡೆ ಕರೆಂಟ್ ಮತ್ತು ನೆಟ್‌ವರ್ಕ್ ಎರಡು ಬೇರೆ ಬೇರೆ ತೊಂದರೆಗಳಲ್ಲ. ಗಾಳಿಗೆ ಮರ ಬಿದ್ದು ಲೈನ್ ಹೋದರೆ ಮೊಬೈಲ್ ಟವರ್ ಕೂಡ ಬ್ಯಾಟರಿ ಮೇಲೆ ನಡೆಯಲು ಶುರು ಮಾಡುತ್ತದೆ. ಆ ಬ್ಯಾಟರಿ ಇಳಿದ ಮೇಲೆ, ಜನರೇಟರ್‌ಗೆ ಡೀಸೆಲ್ ಇಲ್ಲದಿದ್ದರೆ ಸಿಗ್ನಲ್ ಹೋಯಿತು. ನಿಮ್ಮ ಇನ್ವರ್ಟರ್ ಇಡೀ ದಿನ ಬಂದರೂ ಇಂಟರ್ನೆಟ್ ಅಷ್ಟು ಹೊತ್ತು ಇರುವುದಿಲ್ಲ.

ಹಾಗಾಗಿ ಪ್ಲಾನ್‌ನಲ್ಲಿ ಮೊದಲು ಬರೆಯಬೇಕಾದ್ದು ಕೆಲಸದ ಸರದಿ. ಕರೆಂಟ್ ಹೋದ ಕೂಡಲೇ ನೆಟ್ ಬೇಕಾದ ಕೆಲಸ, ನೆಟ್ ಬೇಡದ್ದು ಆಮೇಲೆ. ತುಂಬಾ ಆಫೀಸ್‌ಗಳಲ್ಲಿ ಇದು ಉಲ್ಟಾ ನಡೆಯುತ್ತದೆ. ಕರೆಂಟ್ ಈಗ ಬರುತ್ತೆ ಅಂತ ಕಾಯುತ್ತಾ ಬಿಲ್ ಎಂಟ್ರಿ ಮಾಡುತ್ತಾರೆ. ಬ್ಯಾಂಕ್ ಟ್ರಾನ್ಸ್‌ಫರ್‌ಗೆ ಕೈ ಹಾಕುವ ಹೊತ್ತಿಗೆ ಟವರ್ ಸತ್ತಿರುತ್ತದೆ.

ನಿಮಗೆ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದು ನಿಮ್ಮ ಜಾಗಕ್ಕೆ ಬಿಟ್ಟ ವಿಷಯ. ಗೋಡೆಗೆ ಒಂದು ಹಾಳೆ ಅಂಟಿಸಿ. ಕರೆಂಟ್ ಹೋದ ಸಮಯ, ಫೈಬರ್ ಹೋದ ಸಮಯ, ಒಂದನೇ ಸಿಮ್, ಎರಡನೇ ಸಿಮ್, ಇಷ್ಟನ್ನೇ ಬರೆಯುತ್ತಾ ಹೋಗಿ. ಎರಡೂ ಸಿಮ್ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹೋಗುತ್ತಿದ್ದರೆ ಎರಡು ಕಂಪನಿಗಳೂ ಒಂದೇ ಟವರ್ ಹಂಚಿಕೊಂಡಿರಬಹುದು. ಆಗ ಎರಡನೇ ಸಿಮ್‌ನಿಂದ ಕರೆಂಟ್ ಕಟ್ ದಿನ ಉಪಯೋಗ ಇಲ್ಲ, ಬೇರೆ ಕಂಪನಿಯದ್ದು ನೋಡಿ. ಫೈಬರ್ ಮಾತ್ರ ತಕ್ಷಣ ಹೋಗುತ್ತಿದ್ದರೆ ಮೊದಲು ನಿಮ್ಮ ಆಫೀಸ್‌ನ ಪೆಟ್ಟಿಗೆಯನ್ನೇ ನೋಡಿ. ಫೈಬರ್ ಮೋಡೆಮ್ ಮತ್ತು ರೂಟರ್ ಎರಡೂ ಇನ್ವರ್ಟರ್ ಲೈನ್‌ನಲ್ಲಿ ಇರಬೇಕು. ಬರೀ ರೂಟರ್ ಅಲ್ಲಿದ್ದು ಮೋಡೆಮ್ ಮಾಮೂಲಿ ಪ್ಲಗ್‌ನಲ್ಲಿ ಇರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಇನ್ನು ನಿಮ್ಮ ಕೆಲಸಗಳನ್ನು 'ಎಷ್ಟು ಹೊತ್ತು ತಡೆಯುತ್ತದೆ' ಅನ್ನುವ ಒಂದೇ ಪ್ರಶ್ನೆಯಿಂದ ವಿಂಗಡಿಸಿ. ಲಾರಿ ಲೋಡ್ ಆಗಿ ನಿಂತಿದ್ದರೆ ಇ-ವೇ ಬಿಲ್ ಒಂದು ಗಂಟೆಯೂ ತಡೆಯುವುದಿಲ್ಲ. ಬೆಳೆಗಾರರಿಗೆ ಹಣ ಕಳಿಸುವುದು ಸಂಜೆವರೆಗೆ ತಡೆಯುತ್ತದೆ. ಖರೀದಿ ಎಂಟ್ರಿ ಎರಡು ದಿನ ಬಿಟ್ಟರೂ ನಡೆಯುತ್ತದೆ, ತೂಕದ ಚೀಟಿ ಕಾರ್ಬನ್ ಪುಸ್ತಕದಲ್ಲಿ ಕೈಯಲ್ಲೇ ಬರೆದಿದ್ದರೆ ಆಯಿತು. ಜಿಎಸ್‌ಟಿ ರಿಟರ್ನ್‌ಗೆ ತಾರೀಖು ಇದೆ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, 3ಬಿ 20ಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಇವನ್ನು 8 ಮತ್ತು 17 ಅಂತಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುತ್ತೇವೆ.

ಇ-ವೇ ಬಿಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮಗೆ ನಿಜವಾಗಿ ಹೊಡೆತ ಬೀಳುವುದು ಅಲ್ಲೇ. 50,000 ರೂಪಾಯಿ ಮೀರಿದ ಮೆಣಸಿನ ಲೋಡ್ ಅದಿಲ್ಲದೆ ಹೊರಡುವಂತಿಲ್ಲ. ಆದರೆ ಅದರಲ್ಲಿ ಎರಡು ಭಾಗ ಇದೆ. ಪಾರ್ಟ್ ಎ ಅಂದರೆ ಸರಕಿನ ವಿವರ, ಪಾರ್ಟ್ ಬಿ ಅಂದರೆ ಗಾಡಿಯ ವಿವರ. ಇನ್‌ವಾಯ್ಸ್ ಸಿದ್ಧವಾದ ತಕ್ಷಣ, ನೆಟ್ ಇರುವಾಗಲೇ, ಪಾರ್ಟ್ ಎ ತುಂಬಿ ಇಟ್ಟುಕೊಳ್ಳಬಹುದು. ಅದು 15 ದಿನ ಹಾಗೇ ಇರುತ್ತದೆ. ದೂರಕ್ಕೆ ತಕ್ಕ ಅವಧಿ ಲೆಕ್ಕಕ್ಕೆ ಬರುವುದು ಪಾರ್ಟ್ ಬಿ ತುಂಬಿದ ಮೇಲೆ. ಪಾರ್ಟ್ ಎ ತುಂಬುವಾಗ ಟ್ರಾನ್ಸ್‌ಪೋರ್ಟರ್‌ನ ಐಡಿ ಕೊಟ್ಟಿದ್ದರೆ ಗಾಡಿ ನಂಬರನ್ನು ಅವರೇ ಮೈಸೂರಿನಲ್ಲಿ ಕೂತು ಹಾಕಬಹುದು. ನಿಮ್ಮ ಗೋದಾಮಿನಿಂದ ಒಂದು ಫೋನ್ ಕಾಲ್ ಹೋದರೆ ಸಾಕು.

ಅಲ್ಲೇ ಒಟಿಪಿ ಕಾಟ ಒಂದಿದೆ. ಲಾಗಿನ್‌ಗೆ ಬರುವ ಒಟಿಪಿ ಎಸ್‌ಎಂಎಸ್ ಆಗಿ ಬರುತ್ತದೆ. ಫೈಬರ್ ಇದ್ದು ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಬಾಗಿಲಲ್ಲೇ ನಿಂತ ಹಾಗೆ. ಇದಕ್ಕೆ NIC-GST-Shield ಅನ್ನುವ ಆ್ಯಪ್ ಇದೆ. ಒಮ್ಮೆ ನೋಂದಾಯಿಸಿದರೆ ಅದು ಇಂಟರ್ನೆಟ್, ಸಿಗ್ನಲ್ ಎರಡೂ ಇಲ್ಲದೆ ಫೋನಿನಲ್ಲೇ ಒಟಿಪಿ ತೋರಿಸುತ್ತದೆ. ಜೊತೆಗೆ ಆಫೀಸ್‌ನ ಇನ್ನೊಬ್ಬರಿಗೆ ಸಬ್ ಯೂಸರ್ ಲಾಗಿನ್ ಮಾಡಿಕೊಡಿ. ಅವರ ಒಟಿಪಿ ಅವರದೇ ನಂಬರ್‌ಗೆ ಹೋಗುತ್ತದೆ. ಮಾಲೀಕರ ಒಂದೇ ಫೋನ್ ಮೇಲೆ ಇಡೀ ಸಂಸ್ಥೆ ನಿಂತಿರಬಾರದು. ಬ್ಯಾಂಕ್ ಒಟಿಪಿಗೆ ಇಂಥ ದಾರಿ ಎಲ್ಲಾ ಕಡೆ ಇರುವುದಿಲ್ಲ, ಅದಕ್ಕೇ ಪಾವತಿ ಕೆಲಸ ಕರೆಂಟ್ ಹೋದ ಮೊದಲ ಗಂಟೆಯಲ್ಲೇ ಆಗಬೇಕು.

ಈಗ ಇನ್ವರ್ಟರ್. 12 ವೋಲ್ಟ್, 150 ಎಎಚ್ ಬ್ಯಾಟರಿ ಒಂದರಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್. ಪೂರ್ತಿ ಇಳಿಸಿದರೆ ಬ್ಯಾಟರಿ ಹಾಳು, ಇನ್ವರ್ಟರ್ ಒಳಗೂ ಸ್ವಲ್ಪ ನಷ್ಟ. ಸುಮಾರು 1,000 ಕೈಗೆ ಸಿಗುತ್ತದೆ ಅಂದುಕೊಳ್ಳಿ. ಮೂರು ಲ್ಯಾಪ್‌ಟಾಪ್, ಮೋಡೆಮ್, ರೂಟರ್, ಎರಡು ಎಲ್‌ಇಡಿ ಬಲ್ಬ್ ಸೇರಿ ಸುಮಾರು 160 ವ್ಯಾಟ್ ಆದರೆ ಆರು ಗಂಟೆ. ಅದೇ ಮೂರು ಡೆಸ್ಕ್‌ಟಾಪ್ ಇಟ್ಟರೆ ಮೂರು ಗಂಟೆಯೂ ಬರುವುದಿಲ್ಲ. ಲೇಸರ್ ಪ್ರಿಂಟರ್ ಆ ಲೈನ್‌ಗೆ ಹಾಕಲೇಬೇಡಿ, ಬಿಸಿಯಾಗುವಾಗ ಒಮ್ಮೆಲೇ ತುಂಬಾ ಎಳೆದು ಇನ್ವರ್ಟರ್ ಟ್ರಿಪ್ ಆಗಬಹುದು.

ಆದರೆ ಕೊಡಗಿನಲ್ಲಿ ದೊಡ್ಡ ತೊಂದರೆ ಚಾರ್ಜ್ ಆಗುವುದರಲ್ಲಿದೆ. ಖಾಲಿಯಾದ ಆ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ನಡುವೆ ಮೂರೇ ಗಂಟೆ ಕರೆಂಟ್ ಬಂದು ಹೋದರೆ ತುಂಬುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅಂದರೆ ಮುಂದಿನ ಕಟ್‌ಗೆ ಆರು ಗಂಟೆಯ ಬದಲು ಎರಡು ಗಂಟೆಯೂ ಕಷ್ಟ. ಸೋಮವಾರ ಚೆನ್ನಾಗಿದ್ದ ಇನ್ವರ್ಟರ್ ಬುಧವಾರ ಕೈಕೊಡುವುದು ಹೀಗೆ. ಎರಡನೇ ಬ್ಯಾಟರಿ ಹಾಕಿದರೂ ತುಂಬಿಸುವ ಕರೆಂಟ್ ಅಷ್ಟೇ ಅಲ್ವಾ? ಆ ಹಣಕ್ಕೆ ಒಂದು ಸಣ್ಣ ಪೆಟ್ರೋಲ್ ಜನರೇಟರ್ ಒಳ್ಳೆಯದು. ಕೊಳ್ಳುವ ಮೊದಲು ಅದರ ಕರೆಂಟ್‌ನಿಂದ ನಿಮ್ಮ ಇನ್ವರ್ಟರ್ ಚಾರ್ಜ್ ಆಗುತ್ತದಾ ಅಂತ ಜೋಡಿಸಿ ನೋಡಿ, ಕೆಲವು ಒಪ್ಪುವುದಿಲ್ಲ. ಯಾವತ್ತೂ ಹೊರಗೇ ಇಟ್ಟು ನಡೆಸಿ, ಹೊಗೆ ಒಳಗೆ ಬಂದರೆ ಪ್ರಾಣಕ್ಕೇ ಅಪಾಯ.

ಇನ್ನೊಂದು ಇದೆ. ಕರೆಂಟ್ ಇದ್ದರೂ ವೋಲ್ಟೇಜ್ ಕಡಿಮೆ ಇರುವ ದಿನ, 'ಯುಪಿಎಸ್' ಮೋಡ್‌ನಲ್ಲಿರುವ ಇನ್ವರ್ಟರ್ ಅದನ್ನು ಒಪ್ಪದೆ ಬ್ಯಾಟರಿಗೆ ಹಾರುತ್ತದೆ. ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಇಳಿದಾಗ ಹೀಗಾಗುತ್ತದೆ. ಬೀದಿಯಲ್ಲಿ ದೀಪ ಉರಿಯುತ್ತಿದ್ದು ನಿಮ್ಮ ಇನ್ವರ್ಟರ್ ಬ್ಯಾಟರಿಯಲ್ಲಿ ಓಡುತ್ತಿದ್ದರೆ ಇದೇ ಕಾರಣ ಇರಬಹುದು. ಲ್ಯಾಪ್‌ಟಾಪ್ ಮಾತ್ರ ಇದ್ದರೆ ಮಾಮೂಲಿ ಮೋಡ್‌ಗೆ ಬದಲಿಸಿ, ಅವಕ್ಕೆ ತಮ್ಮದೇ ಬ್ಯಾಟರಿ ಇದೆ.

ಕೊನೆಗೆ, ಇಡೀ ಊರೇ ಕತ್ತಲಾದ ದಿನಕ್ಕೆ ಇನ್ನೊಂದು ಜಾಗ ಗೊತ್ತು ಮಾಡಿ. ನಿಮಗೆ ಕುಶಾಲನಗರ ಸರಿ, ಅಲ್ಲಿ ಮಳೆ ಕಡಿಮೆ, ರಸ್ತೆಯೂ ಸಿಗುವ ಸಾಧ್ಯತೆ ಹೆಚ್ಚು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಕಡೆಯ ಹೆದ್ದಾರಿ ಹಾಳಾದದ್ದು ನೆನಪಿರಬಹುದು, ಆ ದಿಕ್ಕನ್ನು ನಂಬಬೇಡಿ. ಯಾವಾಗ ಹೊರಡುವುದು ಅನ್ನುವುದನ್ನೂ ಬರೆದಿಡಿ. ನಮ್ಮಲ್ಲಿ ಹೀಗಿದೆ: ಬೆಳಿಗ್ಗೆ ಹನ್ನೊಂದಕ್ಕೆ ಎರಡೂ ಸಿಮ್ ಇಲ್ಲ, ಅವತ್ತೇ ಮುಗಿಸಬೇಕಾದ ಕೆಲಸ ಇದೆ ಅಂದರೆ ಒಬ್ಬರು ಲ್ಯಾಪ್‌ಟಾಪ್, ಲೆಕ್ಕದ ಬ್ಯಾಕಪ್ ಇರುವ ಪೆನ್‌ಡ್ರೈವ್ ಮತ್ತು ಡಿಜಿಟಲ್ ಸಹಿಯ ಟೋಕನ್ ಹಿಡಿದು ಹೊರಡಬೇಕು. ಯಾರನ್ನೂ ಕೇಳಬೇಕಿಲ್ಲ. ಫೋನ್ ಸತ್ತ ದಿನ ಅಪ್ಪಣೆಗೆ ಕಾಯುತ್ತಾ ಕೂತರೆ ಕತ್ತಲಾಗುತ್ತದೆ.

ಇದೆಲ್ಲಾ ಮೇ ತಿಂಗಳಲ್ಲೇ ಒಮ್ಮೆ ಮಾಡಿ ನೋಡಿ. ಕೆಲಸದ ದಿನವೇ ಮೇನ್ ಸ್ವಿಚ್ ಆಫ್ ಮಾಡಿ, ಬ್ಯಾಟರಿ ನಿಜವಾಗಿ ಎಷ್ಟು ಹೊತ್ತು ಬಂತು ಅಂತ ಬರೆದುಕೊಳ್ಳಿ. ನಾಲ್ಕು ವರ್ಷದ ಬ್ಯಾಟರಿ ನಾನು ಹೇಳಿದ ಆರು ಗಂಟೆ ಕೊಡುವುದಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕಿದ ಮೇಲೂ ಮೂರು ಗಂಟೆಗಿಂತ ಕಡಿಮೆ ಬಂದರೆ ಜೂನ್‌ಗೆ ಮೊದಲೇ ಬದಲಿಸಿ.