ತೊಟ್ಟಿಲ ಮನೆಗೆ ನಾಲ್ಕು ಸಾಲು

*ನಮ್ಮ ಬ್ಯಾಂಕ್ ಶಾಖೆಯಲ್ಲಿ ಜೊತೆಗೆ ಕೆಲಸ ಮಾಡುವ ಮೇಡಂ ಒಬ್ಬರಿಗೆ ಎರಡನೇ ಹೆಣ್ಣು ಮಗು ಹುಟ್ಟಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಈಗ ತವರಿನಲ್ಲಿದ್ದಾರೆ. ಅವರ ದೊಡ್ಡ ಮಗಳು ಆಗಾಗ ಶಾಖೆಗೆ ಬಂದು ಚಲನ್ ಹಿಂದೆ ಚಿತ್ರ ಬಿಡಿಸುತ್ತಿದ್ದಳು, ನಮಗೆಲ್ಲ ಬಳಕೆ. ಎಲ್ಲರ ಪರವಾಗಿ ನಾನು ಹೀಗೆ ಬರೆದೆ: ‘ಮನೆಗೆ ಲಕ್ಷ್ಮಿ ಬಂದಳು. ಹಾರ್ದಿಕ ಅಭಿವಂದನೆಗಳು. ಆದಷ್ಟು ಬೇಗ ಕೆಲಸಕ್ಕೆ ಬನ್ನಿ, ನಿಮ್ಮ ದಾರಿ ಕಾಯುತ್ತಿದ್ದೇವೆ.’ ಓದಿದ ಇನ್ನೊಬ್ಬ ಮೇಡಂ ‘ಇದು ಬೇಡ ಸರ್’ ಎಂದರು. ಏನು ತಪ್ಪಾಗಿದೆ?*
— ಒಬ್ಬ ಓದುಗ, ಹಾವೇರಿ ಜಿಲ್ಲೆ

ನಿಮ್ಮ ಮನಸ್ಸಿನಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಸಹೋದ್ಯೋಗಿ ತಡೆದದ್ದು ಸರಿ.

ಸುಲಭದ್ದನ್ನು ಮೊದಲು ಹೇಳುತ್ತೇನೆ. ‘ಅಭಿವಂದನೆ’ ಎಂದರೆ ನಮಸ್ಕಾರ, ಅದರೊಳಗೆ ಇರುವುದು ‘ವಂದನೆ’. ನಿಮಗೆ ಬೇಕಾದದ್ದು ‘ಅಭಿನಂದನೆ’. ಆನಂದದಲ್ಲಿರುವ ‘ನಂದ’ವೇ ಇದರಲ್ಲೂ ಇದೆ, ಇನ್ನೊಬ್ಬರ ಸಂತೋಷದಲ್ಲಿ ನಾವೂ ಸೇರುವುದು. ‘ಶುಭಾಶಯ’ ಮುಂದೆ ಒಳ್ಳೆಯದಾಗಲಿ ಎಂಬ ಆಶಯ. ಹಾಗಾಗಿ ಅಪ್ಪ ಅಮ್ಮನಿಗೆ ಅಭಿನಂದನೆ, ಮಗುವಿಗೆ ಹಾರೈಕೆ ಎಂದು ಇಟ್ಟುಕೊಂಡರೆ ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.

‘ಲಕ್ಷ್ಮಿ’ಯದು ಸೂಕ್ಷ್ಮ. ಮಾತು ಮಂಗಳಕರವೇ. ಆದರೆ ಎರಡನೆಯದೂ ಹೆಣ್ಣಾದ ಮನೆಯಲ್ಲಿ ಬಂದವರು ಅದನ್ನು ಯಾವ ದನಿಯಲ್ಲಿ ಹೇಳುತ್ತಾರೆಂದು ಕೇಳಿಸಿಕೊಂಡಿದ್ದೀರಾ? ‘ಇರಲಿ ಬಿಡಮ್ಮ, ಲಕ್ಷ್ಮಿ ಬಂದಳು’ ಎನ್ನುತ್ತಾರೆ. ಆ ‘ಇರಲಿ ಬಿಡು’ ಸಮಾಧಾನದ ಮಾತು, ಏನೋ ಕೈತಪ್ಪಿದವರಿಗೆ ಹೇಳುವಂಥದ್ದು. ನನ್ನ ತಂಗಿಗೆ ಎರಡನೇ ಮಗಳು ಹುಟ್ಟಿದಾಗ ಬಾಣಂತಿ ಕೋಣೆಯ ಹೊರಗೆ ಕೂತು ದಿನಕ್ಕೆ ಮೂರು ನಾಲ್ಕು ಸಲ ಇದನ್ನೇ ಕೇಳಿದ್ದೇನೆ. ಒಳಗೆ ಅವಳು ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು. ಅವಳ ಕಚೇರಿಯಿಂದ ಬಂದ ಒಂದು ಕಾಗದದಲ್ಲಿ ಮಾತ್ರ ‘ದೊಡ್ಡವಳು ತಂಗಿಯ ಕೆನ್ನೆ ಮುಟ್ಟಿದಳೇ? ಏನಂದಳು?’ ಎಂದಿತ್ತು. ಆ ಕಾಗದವನ್ನು ಮಗುವಿನ ಕಾಡಿಗೆ ಡಬ್ಬಿಯ ಜೊತೆ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಹೆಣ್ಣೋ ಗಂಡೋ ಎಂಬ ಮಾತನ್ನೇ ಎತ್ತದೆ, ಆ ಮನೆಯ ಮಕ್ಕಳನ್ನು ಕಣ್ಣಿಟ್ಟು ನೋಡಿದ ಸಾಲು ಅದು. ನಿಮ್ಮ ಹತ್ತಿರವೂ ಅಂಥದ್ದೊಂದು ಇದೆಯಲ್ಲ, ಚಲನ್ ಹಿಂದಿನ ಚಿತ್ರ! ಅದನ್ನು ಬಿಟ್ಟು ಎಲ್ಲರೂ ಬರೆಯುವುದನ್ನು ಬರೆದಿರಿ.

ಇನ್ನು ‘ಬೇಗ ಬನ್ನಿ’. ನೀವು ಬರೆದದ್ದು ಪ್ರೀತಿಯಿಂದಲೇ. ಆದರೆ ರಾತ್ರಿಯೆಲ್ಲ ಎದ್ದು ಹಾಲೂಡಿಸುವ ಬಾಣಂತಿಗೆ ಅದು ರಜೆಯ ಲೆಕ್ಕವಾಗಿ ಕೇಳುತ್ತದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾದಾಗಿನಿಂದ ಕಾನೂನಿನಲ್ಲಿ ಎರಡನೇ ಮಗುವಿಗೂ 26 ವಾರಗಳ ಸಂಬಳಸಹಿತ ರಜೆ ಇದೆ. ಅದು ಅವರ ಹಕ್ಕು. ನೀವು ಹೇಳಬೇಕಾದದ್ದು ಅದಕ್ಕೆ ತಿರುಗುಮುರುಗು: ಇಲ್ಲಿಯ ಕೆಲಸ ನಾವು ನೋಡಿಕೊಳ್ಳುತ್ತೇವೆ ಎಂದು. ಅದೂ ನಿಜವಾಗಿ ಹಂಚಿಕೊಂಡಿದ್ದರೆ ಮಾತ್ರ ಬರೆಯಿರಿ.

ಚಿಕ್ಕವರಾದರೂ ‘ನೀವು’ ಎಂದೇ ಇರಲಿ. ‘ಚಿ. ಸೌ.’ ಎಂದು ಶುರುಮಾಡುವುದು ಮನೆಯ ಹಿರಿಯರು ಬರೆಯುವ ರೀತಿ, ಕಚೇರಿಯವರಿಗೆ ಹೊಂದುವುದಿಲ್ಲ. ಹೆರಿಗೆ ನಾರ್ಮಲ್ಲೋ ಆಪರೇಷನ್ನೋ, ಮಗುವಿನ ತೂಕ ಎಷ್ಟು ಎಂದೆಲ್ಲ ಕೇಳಲೇಬೇಡಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

> ಆತ್ಮೀಯ ಮೇಡಂ,
>
> ತಾಯಿ ಮಗು ಇಬ್ಬರೂ ಆರಾಮಾಗಿದ್ದೀರಿ ಎಂದು ತಿಳಿದು ಶಾಖೆಯಲ್ಲಿ ಎಲ್ಲರಿಗೂ ತುಂಬ ಸಂತೋಷವಾಯಿತು. ನಿಮಗೂ ನಿಮ್ಮ ಯಜಮಾನರಿಗೂ ಹೃತ್ಪೂರ್ವಕ ಅಭಿನಂದನೆಗಳು. ನಮ್ಮ ಚಲನ್‌ಗಳ ಹಿಂದೆ ಚಿತ್ರ ಬಿಡಿಸುತ್ತಿದ್ದ ಪುಟ್ಟಿ ಈಗ ಅಕ್ಕನಾದಳು, ಅವಳಿಗೂ ನಮ್ಮೆಲ್ಲರ ಅಭಿನಂದನೆ ಹೇಳಿ. ಕೂಸು ಆಯುರಾರೋಗ್ಯದಿಂದ ನೂರು ಕಾಲ ಬಾಳಲಿ.
>
> ನಿಮ್ಮ ಟೇಬಲ್ಲಿನ ಕೆಲಸ ಹಂಚಿಕೊಂಡಿದ್ದೇವೆ, ಆ ಯೋಚನೆ ಬೇಡ. ಚೆನ್ನಾಗಿ ಬಾಣಂತನ ಮಾಡಿಸಿಕೊಳ್ಳಿ. ಇದಕ್ಕೆ ಉತ್ತರ ಬರೆಯುವ ಅವಸರವೇನೂ ಇಲ್ಲ, ಹೆಸರಿಟ್ಟಾಗ ತಿಳಿಸಿದರೆ ಸಾಕು.
>
> ಪ್ರೀತಿಯಿಂದ,
> ನಿಮ್ಮ ಸಹೋದ್ಯೋಗಿಗಳು

ಇದನ್ನು ಕೈಯಲ್ಲೇ ಬರೆದು ಎಲ್ಲರ ಸಹಿ ಹಾಕಿಸಿ. ನಿಮ್ಮನ್ನು ತಡೆದ ಆ ಮೇಡಂಗೆ ಕೆಳಗೆ ಒಂದು ಸಾಲಿನ ಜಾಗ ಬಿಡಿ. ದೊಡ್ಡವಳ ಚಿತ್ರವಿರುವ ಹಳೆಯ ಚಲನ್ ಡ್ರಾಯರಿನಲ್ಲಿ ಎಲ್ಲಾದರೂ ಸಿಕ್ಕರೆ, ಅದನ್ನೂ ಅದೇ ಲಕೋಟೆಯಲ್ಲಿ ಮಡಿಸಿಟ್ಟು ಕಳಿಸಿ.

— ಸಂಪಾದಕ