ಸಂಜೆ ಫೋಟೊ ಮಸುಕು: ಮೊದಲು ಲೆನ್ಸ್ ನೋಡಿ

"ಗಾಂಧಿ ಬಜಾರಿನಲ್ಲಿ ಸಂಜೆ ಹೂವಿನ ಅಂಗಡಿ ಫೋಟೊ ತೆಗೆದರೆ ಮಸುಕು ಮಸುಕು. ಬಲ್ಬಿನ ಸುತ್ತ ಬೆಳಕು ಹರಡಿಕೊಂಡಿರುತ್ತೆ. ಹಗಲಲ್ಲಿ ಪರವಾಗಿಲ್ಲ. ಹೊಸ ಫೋನ್ ತಗೋಬೇಕಾ?"

ಸದ್ಯಕ್ಕೆ ಬೇಡ. ಬೆಳಕು ಹಾಗೆ ಹರಡುವುದು ಹೆಚ್ಚಾಗಿ ಲೆನ್ಸ್ ಮೇಲಿನ ಬೆರಳಿನ ಜಿಡ್ಡಿನಿಂದ. ದೂಳು ಕೊಡವಿ, ಕನ್ನಡಕ ಒರೆಸುವ ಬಟ್ಟೆಯಿಂದ ಮೆಲ್ಲಗೆ ಒರೆಸಿ. ನಾನು ವರ್ಷಗಟ್ಟಲೆ ಅಂಗಿಯ ತುದಿಯಲ್ಲೇ ಉಜ್ಜುತ್ತಿದ್ದೆ, ಜಿಡ್ಡು ಹರಡಿತೇ ಹೊರತು ಹೋಗಲಿಲ್ಲ!

ಆಮೇಲೂ ಮಸುಕಾದರೆ ಫೋಟೊ ದೊಡ್ಡದು ಮಾಡಿ ನೋಡಿ. ಹಿಂದಿನ ಗೋಡೆ ಸ್ಪಷ್ಟವಾಗಿದ್ದು ಮಲ್ಲಿಗೆ ಮಾತ್ರ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಪರದೆಯಲ್ಲಿ ಹೂವಿನ ಮೇಲೇ ಬೆರಳಿಂದ ಒತ್ತಿ. ತೀರಾ ಹತ್ತಿರ ಹೋದರೆ ಫೋಕಸ್ ಆಗುವುದಿಲ್ಲ, ಒಂದು ಹೆಜ್ಜೆ ಹಿಂದೆ ಬನ್ನಿ.

ಬಲ್ಬುಗಳು ಗೆರೆಯ ಹಾಗೆ ಎಳೆದಂತಿದ್ದರೆ ಕೈ ಅಲುಗಿದೆ. ಬೆಳಕು ಕಡಿಮೆ ಇದ್ದಾಗ ಫೋನ್ ಜಾಸ್ತಿ ಹೊತ್ತು ಬೆಳಕು ಹಿಡಿಯುತ್ತದೆ, ಹಗಲಲ್ಲಿ ಕಾಣದ ನಡುಕ ಆಗ ಕಾಣುತ್ತದೆ. ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿ, ಕಂಬಕ್ಕೋ ಗೋಡೆಗೋ ಒರಗಿ ನಿಲ್ಲಿ. ಬಟನ್ ಒತ್ತುವಾಗಲೂ ಫೋನ್ ಅಲುಗುತ್ತದಲ್ವಾ, ಅದಕ್ಕೆ 3 ಸೆಕೆಂಡಿನ ಟೈಮರ್ ಇಡಿ. ಆದರೆ ಹೂ ಕಟ್ಟುವವರ ಕೈ ಓಡುತ್ತಿದ್ದರೆ ಅದು ಮಸುಕಾಗಿಯೇ ಬರುತ್ತದೆ. ಅವರು ದಾರ ಹಿಡಿದು ನಿಲ್ಲಿಸುವ ಕ್ಷಣಕ್ಕೆ ಕಾಯಬೇಕು.