ವರಮಾನ ಸರ್ಟಿಫಿಕೇಟ್ ಬಗ್ಗೆ 45 ಸೆಕೆಂಡಿನ ವಿಡಿಯೊ

"ನಮ್ಮ ಮಂಜೇಶ್ವರದ ಲೈಬ್ರರಿ ಗ್ರೂಪಿಗೆ ವರಮಾನ ಸರ್ಟಿಫಿಕೇಟ್ ಬಗ್ಗೆ 45 ಸೆಕೆಂಡಿನ ವಿಡಿಯೊ ಮಾಡಬೇಕು. ಬೇಕಾದ ದಾಖಲೆ, ಅರ್ಜಿಯ ಹಂತ ಎರಡನ್ನೂ ಅಷ್ಟರಲ್ಲಿ ಹೇಳಬಹುದಾ?"

ಹೇಳಬಹುದು. ದಾಖಲೆಯನ್ನು ಮೊದಲು ಹೇಳಿ, ಹಂತವನ್ನು ಆಮೇಲೆ. ಜನ ವಾಪಸ್ ಬರುವುದು ಕಾಗದ ಕಡಿಮೆಯಾಗಿ, ದಾರಿ ಗೊತ್ತಿಲ್ಲದೆ ಅಲ್ಲ. ನಿಧಾನಕ್ಕೆ ಓದಿದರೆ 45 ಸೆಕೆಂಡಿಗೆ ಎಪ್ಪತ್ತು ಎಂಬತ್ತು ಪದ ಸಾಕು. ನಾನಾದರೆ ಹೀಗೆ ಬರೆಯುತ್ತೇನೆ:

"ಸ್ಕಾಲರ್‌ಶಿಪ್‌ಗೆ ವರಮಾನ ಸರ್ಟಿಫಿಕೇಟ್ ಬೇಕಾ? ಮೊದಲು ಇಷ್ಟು ತೆಗೆದಿಡಿ. ರೇಶನ್ ಕಾರ್ಡು. ಆಧಾರ್. ಜಾಗ ಇದ್ದರೆ ಈ ವರ್ಷದ ತೀರ್ವೆ ರಶೀದಿ. ಸಂಬಳದ ಕೆಲಸವಾದರೆ ಸಂಬಳದ ಸರ್ಟಿಫಿಕೇಟ್. ಮನೆಯಲ್ಲಿ ಯಾರ ದುಡಿಮೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕೂಲಿ, ಬೀಡಿ, ಅಡಿಕೆ, ಎಲ್ಲಾ ಬರಲಿ. ಇದನ್ನು ಹಿಡಿದು ಅಕ್ಷಯ ಕೇಂದ್ರಕ್ಕೆ ಹೋಗಿ. ಮೊಬೈಲೂ ಜೊತೆಗಿರಲಿ. ಅರ್ಜಿ ಕಳಿಸುವ ಮೊದಲು ಹೆಸರು ಓದಿ ನೋಡಿ. ಅರ್ಜಿ ನಂಬರಿನ ರಶೀದಿ ಜೋಪಾನ. ಅರ್ಜಿ ವಿಲೇಜ್ ಆಫೀಸಿಗೆ ಹೋಗುತ್ತದೆ. ಪಾಸಾದ ಮೇಲೆ ಪ್ರಿಂಟ್ ತೆಗೆಸಿಕೊಳ್ಳಿ."

ಚೀಟಿಯ ಮಾತನ್ನು ಮಾತ್ರ ಕತ್ತರಿಸಬೇಡಿ. ಅಪ್ಪ ಕೂಲಿಗೆ ಹೋಗುತ್ತಾರೆ, ಮನೆ ಹಿಂದೆ ಸ್ವಲ್ಪ ಅಡಿಕೆ ಇದೆ, ಅಮ್ಮ ಬೀಡಿ ಕಟ್ಟುತ್ತಾರೆ ಅಂದುಕೊಳ್ಳಿ. ಕೌಂಟರಿನಲ್ಲಿ ಕೇಳಿದಾಗ ಅಪ್ಪನ ಕೂಲಿ ಮಾತ್ರ ಬಾಯಿಗೆ ಬರುತ್ತದೆ. ಅಮ್ಮನ ಬೀಡಿ ದುಡ್ಡನ್ನು ಯಾರೂ ವರಮಾನ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ವಿಲೇಜ್ ಆಫೀಸರ್ ವಿಚಾರಿಸಿದಾಗ ಅದೆಲ್ಲ ಹೊರಬರುತ್ತದೆ. ರೇಶನ್ ಕಾರ್ಡಿನಲ್ಲೂ ತಿಂಗಳ ವರಮಾನ ಬರೆದಿರುತ್ತದೆ. ಅದಕ್ಕೂ ಅರ್ಜಿಗೂ ದೊಡ್ಡ ವ್ಯತ್ಯಾಸವಿದ್ದರೆ ಪ್ರಶ್ನೆ ಬಂದೇ ಬರುತ್ತದೆ. ವಿಡಿಯೊದಲ್ಲಿ ಒಂದು ಬಿಳಿ ಚೀಟಿ ತೋರಿಸಿ, ಮೂರು ಸಾಲು ಬರೆಯುತ್ತಿರುವ ಕೈ ಕಾಣಲಿ.

ಇನ್ನು ಹೆಸರು. ನಮ್ಮ ಕಡೆ ಇದು ಜಾಸ್ತಿ ಕಾಡುವ ವಿಷಯ. ಆಧಾರಿನಲ್ಲಿ 'ನಾರಾಯಣ', ಮಲಯಾಳದ ರೇಶನ್ ಕಾರ್ಡಿನಲ್ಲಿ 'ನಾರಾಯಣನ್'. ಇನಿಶಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಎರಡೂ ಕಾರ್ಡನ್ನು ಅಕ್ಕಪಕ್ಕ ಇಟ್ಟು ಐದು ಸೆಕೆಂಡು ತೋರಿಸಿದರೆ ನೋಡುವವರು ತಮ್ಮ ಕಾರ್ಡನ್ನು ತಾವೇ ತೆಗೆದು ನೋಡುತ್ತಾರೆ. ತೀರಾ ಬೇರೆ ಬೇರೆ ಇದ್ದರೆ 'ಒನ್ ಆಂಡ್ ದಿ ಸೇಮ್' ಸರ್ಟಿಫಿಕೇಟ್ ಇದೆ. ಎರಡೂ ಹೆಸರು ಒಬ್ಬರದೇ ಎಂದು ಹೇಳುವ ಕಾಗದ ಅದು. ಅದಕ್ಕೂ ಅಕ್ಷಯದಲ್ಲೇ ಅರ್ಜಿ ಹಾಕಬಹುದು. ಆದರೆ ಇದನ್ನು ವಿಡಿಯೊದೊಳಗೆ ತುರುಕಬೇಡಿ, ಕೆಳಗೆ ಬರೆದು ಹಾಕಿ.

ಮನೆಯಲ್ಲೇ ಕೂತು ಅರ್ಜಿ ಹಾಕುವವರಿಗೆ `edistrict.kerala.gov.in` ಎಂಬ ವಿಳಾಸವನ್ನೂ ಅಲ್ಲೇ ಕೊಡಿ.

ಜಾತಿ ಸರ್ಟಿಫಿಕೇಟನ್ನು ಇದರ ಜೊತೆ ಸೇರಿಸುವ ಆಸೆ ಬರುತ್ತದೆ, ಬೇಡ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದನ್ನು ಕೊಡುವುದು ತಹಸೀಲ್ದಾರ್. ದಾಖಲೆಯೂ ಬೇರೆ. ಅದಕ್ಕೆ ಇನ್ನೊಂದು ವಿಡಿಯೊ ಮಾಡಿ.